ಎರಡು ಸಲವೂ ಕತ್ತರಿಸಿದ ಒತ್ತು

ನಮ್ಮ ಮನೆಯಲ್ಲಿ ಆಡುವುದು ದಖನಿ ಉರ್ದು. ಆದರೆ ಮನೆಯ ಕನ್ನಡವೆಲ್ಲ ನನ್ನ ತಂಗಿಯದು. ಬಿಲ್ ಓದುವುದು, ಅರ್ಜಿ ಬರೆಯುವುದು, ಕಾರ್ಪೊರೇಷನ್‌ನವರು ಬಂದರೆ ಬಾಗಿಲಲ್ಲಿ ನಿಂತು ಮಾತಾಡುವುದು ಎಲ್ಲ ಅವಳೇ. ಆರ್.ಟಿ. ನಗರದ ನಮ್ಮ ಗಲ್ಲಿಯಲ್ಲಿ ಕನ್ನಡ ಎಂ.ಎ. ಮಾಡಿದ ಮೊದಲ ಹುಡುಗಿ. ನಾನು ಐದನೆಯ ಕ್ಲಾಸಿಗೇ ಉರ್ದು ಶಾಲೆ ಬಿಟ್ಟವನು. ಯಾರೂ ಬಿಡಿಸಲಿಲ್ಲ, ನನಗೇ ಹೋಗಲು ಇಷ್ಟವಿರಲಿಲ್ಲ. ಕನ್ನಡ ಓದಲು ಕಲಿತದ್ದು ಬಸ್ಸಿನ ಬೋರ್ಡಿನಿಂದ, ಆಮೇಲೆ ಯಶವಂತಪುರದ ಮದುವೆ ಕಾರ್ಡಿನ ಪ್ರೆಸ್ಸಿನಲ್ಲಿ. ಒತ್ತಕ್ಷರ ಮಾತ್ರ ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂರಲೇ ಇಲ್ಲ. ಓದುವಾಗ ಅಂದಾಜಿನ ಮೇಲೆ ಓದುತ್ತೇನೆ, ಬರೆಯುವಾಗ ಬಿಟ್ಟೇ ಬಿಡುತ್ತೇನೆ. 'ಅಕ್ಕಿ ತರಬೇಕು' ಎಂದು ನಾನು ಚೀಟಿ ಬರೆದರೆ ಅದರಲ್ಲಿ 'ಅಕಿ' ಎಂದಿರುತ್ತದೆ. ತಂಗಿ ನಗುತ್ತಿದ್ದಳು. "ಭೈಯ್ಯಾ, ನಿನ್ನ ಅಕ್ಕೀಲಿ ಅರ್ಧ ಕಾಳೇ ಇಲ್ಲ ಕಣೋ."

ಪ್ರೆಸ್ಸಿನಲ್ಲಿ ನನ್ನದು ಕಟಿಂಗ್ ಮಷೀನು. ಮದುವೆ ಕಾರ್ಡಿನ ಹಾಳೆ ದೊಡ್ಡದಾಗಿ ಪ್ರಿಂಟ್ ಆಗಿ ಬರುತ್ತದೆ. ನಾಲ್ಕು ಮೂಲೆಗೂ ಸಣ್ಣ ಗೆರೆಯ ಗುರುತಿರುತ್ತದೆ. ಕಾರ್ಡಿನ ಬಣ್ಣ ಆ ಗುರುತನ್ನು ದಾಟಿ ಹೊರಗೂ ಸ್ವಲ್ಪ ಹರಡಿರುತ್ತದೆ, ಅದಕ್ಕೆ ಬ್ಲೀಡ್ ಎನ್ನುತ್ತಾರೆ. ಕತ್ತರಿಸುವಾಗ ಬ್ಲೇಡು ಕೂದಲೆಳೆ ಆಚೀಚೆ ಆದರೂ ಅಂಚಿನಲ್ಲಿ ಬಿಳಿ ಕಾಣಬಾರದು ಎಂದು ಹಾಗೆ ಬಿಡುವುದು. ಮೊದಲ ದಿನ ಮೇಸ್ತ್ರಿ ಹೇಳಿಕೊಟ್ಟ ಪಾಠ ಇಷ್ಟೇ: "ಗುರುತಿನಾಚೆ ಏನೇ ಪ್ರಿಂಟಾಗಿರ್ಲಿ, ಅದು ವೇಸ್ಟು. ಯೋಚ್ನೆ ಮಾಡ್ಬೇಡ, ಕತ್ರಿಸು." ಕೆಲವು ವರ್ಷ ಹಾಗೇ ಕತ್ತರಿಸಿದೆ. ಪ್ರೆಸ್ಸು ಮುಚ್ಚಿದ ಮೇಲೆ ಹೆಬ್ಬಾಳದ ಒಂದು ಸಾಗಣೆ ಕಂಪನಿಯ ಆಫೀಸಿನಲ್ಲಿ ಅಸಿಸ್ಟೆಂಟ್ ಆದೆ. ಟೀ ಕೊಡುವುದು, ಕೊರಿಯರ್ ಕಳಿಸುವುದು, ಪ್ರಿಂಟರಿಗೆ ಕಾಗದ ತುಂಬುವುದು.

ತಂಗಿಗೆ ಜಾಲಹಳ್ಳಿಯ ಒಂದು ಶಾಲೆಯಿಂದ ಕರೆ ಬಂದದ್ದು ಆಗ. ಮೂರನೆಯ ಕ್ಲಾಸಿಗೆ ಕನ್ನಡ ಟೀಚರ್ ಬೇಕಿತ್ತು. ಮಾರನೆಯ ದಿನ ಬೆಳಗ್ಗೆಯೇ ಬಂದು ಮಕ್ಕಳೆದುರು ಒಂದು ಪಾಠ ಮಾಡಿ ತೋರಿಸಬೇಕು ಎಂದಿದ್ದರು. ಅವಳು ಆಯ್ದುಕೊಂಡ ಪಾಠ ಒತ್ತಕ್ಷರ. ಫೋನಿನಲ್ಲೇ ಒಂದು ಚಾರ್ಟ್ ಮಾಡಿದಳು. ಎಡಗಡೆ ಚಿತ್ರ, ಬಲಗಡೆ ಆ ಚಿತ್ರದ ಹೆಸರು ದಪ್ಪ ಅಕ್ಷರದಲ್ಲಿ. ಅಕ್ಕ, ಹಗ್ಗ, ಮೊಟ್ಟೆ, ಬೆಕ್ಕು, ಹಣ್ಣು, ಕತ್ತೆ, ಹೀಗೆ ಒಂದರ ಕೆಳಗೊಂದು. ಫ್ಲೆಕ್ಸ್ ಅಂಗಡಿಯವನು ನಾಳೆ ಸಂಜೆಗಿಂತ ಮುಂಚೆ ಆಗಲ್ಲ ಎಂದ. ಅವಳು ನನಗೆ ಫೋನ್ ಮಾಡಿದಳು.

"ಭೈಯ್ಯಾ, ನಿಮ್ಮ ಆಫೀಸ್ ಪ್ರಿಂಟರಲ್ಲಿ ದೊಡ್ಡದು ಬರುತ್ತಾ?"

"ಎಷ್ಟು ದೊಡ್ಡದು?"

"ಹಿಂದಿನ ಬೆಂಚಿನ ಮಕ್ಕಳಿಗೆ ಕಾಣೋವಷ್ಟು."

ನಮ್ಮ ಪ್ರಿಂಟರಿನಲ್ಲಿ ಬರುವುದು ಸಾಧಾರಣ ಎ-ಫೋರ್ ಹಾಳೆ. ಅಕೌಂಟ್ಸ್ ನೋಡುವ ಮೇಡಂ ಹತ್ತಿರ ಕೇಳಿದೆ. ಒಳ್ಳೆಯ ಹೆಂಗಸು, ಮ್ಯಾನೇಜರ್ ಒಪ್ಪಿಗೆ ಅವರೇ ಕೇಳಿದರು. ತಂಗಿ ಕಳಿಸಿದ ಫೈಲು ತೆರೆದು, ಅದನ್ನು ಅಡ್ಡಕ್ಕೆ ಎರಡು, ಉದ್ದಕ್ಕೆ ಮೂರು, ಒಟ್ಟು ಆರು ಹಾಳೆಗೆ ಹಂಚಿದರು. ಸ್ಕ್ರೀನಿನಲ್ಲಿ ನನಗೂ ತೋರಿಸಿದರು.

"ನೋಡಿ ಭಾಯ್, ಪ್ರಿಂಟರು ಹಾಳೆ ತುದಿವರೆಗೂ ಪ್ರಿಂಟ್ ಮಾಡಲ್ಲ, ಸುತ್ತ ಸ್ವಲ್ಪ ಬಿಳಿ ಬಿಡುತ್ತೆ. ಅದಕ್ಕೇ ಎರಡು ಸೆಂಟಿಮೀಟರ್ ಓವರ್‌ಲ್ಯಾಪ್ ಇಟ್ಟಿದ್ದೀನಿ. ಜೋಡ್ಸೋ ಕಡೆ ಚುಕ್ಕಿ ಗೆರೆ ಬರುತ್ತೆ, ಅದರಾಚೆ ಪಟ್ಟೀಲಿ ಕ್ರಾಸ್ ಗುರುತಿರುತ್ತೆ. ಅಂಟಿಸೋವಾಗ ಏನ್ಮಾಡ್ಬೇಕು ಅಂದ್ರೆ..."

"ಗೊತ್ತು ಮೇಡಂ. ನಾನು ಪ್ರೆಸ್ಸಲ್ಲಿದ್ದೋನು."

"ಓ, ಸರಿ ಹಾಗಾದ್ರೆ. ನಿಮಗೇ ಚೆನ್ನಾಗ್ ಗೊತ್ತಿರುತ್ತೆ."

ಅವರು ತಮ್ಮ ಕೆಲಸಕ್ಕೆ ತಿರುಗಿದರು. ಆ ಆಫೀಸಿನಲ್ಲಿ ನನಗೂ ಒಂದು ವಿಷಯ ಗೊತ್ತಿದೆ ಎಂದು ಯಾರಾದರೂ ಒಪ್ಪಿಕೊಂಡದ್ದು ಅದೇ ಮೊದಲು. ಅವರಿಗೆ ಮಾತು ಮುಗಿಸಲು ಬಿಟ್ಟಿದ್ದರೆ ಅರ್ಧ ನಿಮಿಷ ಸಾಕಾಗುತ್ತಿತ್ತು.

ಹಾಳೆಗಳು ಬಂದವು. ತಂಗಿ ಹೇಳಿದ್ದಳು, "ಬಿಡಿ ಹಾಳೆನೇ ತಗೊಂಡ್ ಬಾ, ಮನೇಲಿ ನಾನು ಅಂಟಿಸ್ಕೋತೀನಿ" ಎಂದು. ನನಗೆ ಹಾಗೆ ಕೊಡಲು ಮನಸ್ಸಾಗಲಿಲ್ಲ. ಅವಳ ಓದಿಗೆ ನಾನು ಏನೂ ಮಾಡಿಕೊಟ್ಟವನಲ್ಲ. ಇದೊಂದನ್ನಾದರೂ ಪೂರ್ತಿ ಮಾಡಿ, ಸುರುಳಿ ಸುತ್ತಿ ಅವಳ ಕೈಗೆ ಕೊಡಬೇಕು ಅನ್ನಿಸಿತು. ಸಂಜೆ ಟೀ ಲೋಟ ತೊಳೆದಿಟ್ಟು, ಟೀ ಮಾಡುವ ಪ್ಯಾಂಟ್ರಿಯ ಕಟ್ಟೆಕಲ್ಲು ಒರೆಸಿ, ಸ್ಟೀಲ್ ಸ್ಕೇಲು, ಕಟರ್ ಹಿಡಿದು ಕೂತೆ.

ಮೇಡಂ ಹೇಳಿದಂತೆಯೇ ಇತ್ತು. ಮೇಲಿನ ಹಾಳೆಯ ಕೆಳಗಡೆ ಒಂದು ಚುಕ್ಕಿ ಗೆರೆ, ಅದರಾಚೆ ಎರಡು ಸೆಂಟಿಮೀಟರಿನ ಪಟ್ಟಿ, ಪಟ್ಟಿಯ ಎರಡು ತುದಿಗೂ ಕ್ರಾಸು. ಅದರ ಕೆಳಗೆ ಬರುವ ಹಾಳೆಯ ಮೇಲ್ಗಡೆಯೂ ಅದೇ ಗೆರೆ, ಅದೇ ಪಟ್ಟಿ, ಅದೇ ಕ್ರಾಸು. ಪಟ್ಟಿಯಲ್ಲಿ ಏನೋ ಕಪ್ಪಗೆ ಪ್ರಿಂಟಾಗಿತ್ತು. ಅದು ಬ್ಲೀಡ್ ಎಂದುಕೊಂಡೆ. ಗುರುತಿನಾಚೆ ಇರುವುದು ವೇಸ್ಟು. ಸ್ಕೇಲಿಟ್ಟು ಎರಡೂ ಹಾಳೆಯ ಪಟ್ಟಿಯನ್ನು ಚುಕ್ಕಿ ಗೆರೆಯ ಮೇಲೆ ನೀಟಾಗಿ ಕತ್ತರಿಸಿದೆ. ಆಮೇಲೆ ಅಂಚಿಗೆ ಅಂಚು ತಾಗಿಸಿ ಹಿಂದಿನಿಂದ ಸೆಲೋಟೇಪ್ ಹಚ್ಚಿದೆ. ಚಿತ್ರದ ಹಾಳೆಗೂ ಅಕ್ಷರದ ಹಾಳೆಗೂ ನಡುವೆಯೂ ಹಾಗೇ ಮಾಡಿದೆ, ಅಲ್ಲಿ ಹೋದದ್ದು ಬರೀ ಖಾಲಿ ಜಾಗ.

ಹಾಳೆಗಳ ಜೋಡಣೆ ಚೆನ್ನಾಗಿಯೇ ಕೂತಿತ್ತು. ಆದರೆ ಮೊಟ್ಟೆಯ ಅಕ್ಷರದ ಬುಡದಲ್ಲಿ, ಜೋಡಿಸಿದ ಗೆರೆಯ ಹತ್ತಿರ, ಅಕ್ಕಿಕಾಳಿನಷ್ಟು ಒಂದು ಕಪ್ಪು ಚುಕ್ಕಿ ಇತ್ತು. ಕತ್ತೆಯ ಹತ್ತಿರವೂ ಅಂಥದೇ ಒಂದು. ಪ್ರಿಂಟರಿನ ಟೋನರ್ ಪುಡಿ ಸಿಡಿದಿದೆ ಎಂದುಕೊಂಡೆ. ಮೇಡಂ ಮೇಜಿನಿಂದ ವೈಟ್ನರ್ ತಂದು ಎರಡೂ ಚುಕ್ಕಿಗೆ ಹಚ್ಚಿ, ಒಣಗಲಿ ಎಂದು ಊದಿದೆ.

ಮೊಟ್ಟೆಯ ಚಿತ್ರ ನೋಡಿ ಮೊಟ್ಟೆ ಎಂದು ಓದಿದೆ. ಕತ್ತೆಯ ಚಿತ್ರ ನೋಡಿ ಕತ್ತೆ ಎಂದು ಓದಿದೆ. ನಾನು ಓದುವುದೇ ಹಾಗೆ.

ಮನೆಗೆ ಬಂದಾಗ ಅವಳು ಬಿಚ್ಚಿ ನೋಡುತ್ತೇನೆ ಎಂದಳು. "ಬೇಡ, ಟೇಪ್ ಎದ್ದು ಬರುತ್ತೆ. ಅಲ್ಲೇ ಬಿಚ್ಚು" ಎಂದೆ. ಅಮ್ಮಿ ಅದನ್ನು ಬೀರುವಿನ ಮೇಲೆ ಎತ್ತಿಟ್ಟಳು.

ಬೆಳಗ್ಗೆ ಸ್ಕೂಟರಿನಲ್ಲಿ ನಾನೇ ಅವಳನ್ನು ಕರೆದುಕೊಂಡು ಹೋದೆ. ಅವಳು ಹಿಂದೆ ಕೂತು ಸುರುಳಿಯನ್ನು ಮಗುವಿನ ಹಾಗೆ ಎತ್ತಿ ಹಿಡಿದಿದ್ದಳು. ಶಾಲೆಯಲ್ಲಿ ಚಾರ್ಟ್ ಗೋಡೆಗೆ ಹಾಕಲು ನನ್ನನ್ನೂ ಒಳಗೆ ಬಿಟ್ಟರು. ಬೋರ್ಡಿನ ಪಕ್ಕದ ಎರಡು ಮೊಳೆಗೆ ಅದನ್ನು ಸಿಕ್ಕಿಸಿ ಬಾಗಿಲ ಹೊರಗೆ ಬಂದು ನಿಂತೆ. ಹಿಂದಿನ ಬೆಂಚಿನಲ್ಲಿ ಹೆಡ್ ಮೇಡಂ, ಅವರ ಪಕ್ಕ ಶಾಲೆಯ ಹಳೆಯ ಕನ್ನಡ ಟೀಚರ್ ಕೂತಿದ್ದರು.

ತಂಗಿ ಚಾರ್ಟಿಗೆ ಬೆನ್ನು ಹಾಕಿ ಮಕ್ಕಳ ಕಡೆ ನೋಡುತ್ತಾ ಶುರು ಮಾಡಿದಳು. ಧ್ವನಿ ಚೆನ್ನಾಗಿತ್ತು. 'ಅಕ್ಕ' ಎಂದು ಮಕ್ಕಳಿಂದ ಹೇಳಿಸಿದಳು, ನಾಲಿಗೆ ಎಲ್ಲಿ ಒತ್ತುತ್ತದೆ ನೋಡಿ ಎಂದಳು. 'ಹಗ್ಗ' ಆಯಿತು. ಮುಂದಿನದನ್ನು ನೀವೇ ಓದಿ ಎಂದಳು. ಮುಂದಿನ ಬೆಂಚಿನ ಹುಡುಗಿ ಎದ್ದು ಓದಿದಳು, "ಮೊಟೆ."

"ಸರಿಯಾಗಿ ನೋಡಿ ಓದು ಪುಟ್ಟಿ."

"ಮೊಟೆ, ಮಿಸ್."

ಹಿಂದಿನಿಂದ ಒಬ್ಬ ಕೂಗಿದ, "ಮಿಸ್, ಕೆಳಗೆ ನೋಡಿ, ಕತೆ! ಕತ್ತೆ ಹಾಕ್ಬಿಟ್ಟು ಕತೆ ಅಂತ ಬರ್ದವ್ರೆ!"

"ಮಿಸ್, ಆ ಕತೆಗೆ ಕಾಲು ಗಿಡ್ಡ ಐತೆ!"

ಇಡೀ ಕ್ಲಾಸು ನಕ್ಕಿತು. ಕತ್ತೆಯ ಗೊರಸೂ ಆ ಪಟ್ಟಿಯಲ್ಲೇ ಹೋಗಿತ್ತು. ತಂಗಿ ತಿರುಗಿ ನೋಡಿದಳು. ನಾನು ನೋಡಿದ್ದು ಅವಳ ಬೆನ್ನು ಮಾತ್ರ. ನನ್ನ ತೋರುಬೆರಳಿನ ಉಗುರಿನ ಸಂದಿಯಲ್ಲಿ ವೈಟ್ನರ್ ಇನ್ನೂ ಅಂಟಿಕೊಂಡಿತ್ತು. ಆ ಚುಕ್ಕಿ ಏನು, ಕತ್ತರಿಸಿದ ಪಟ್ಟಿಯಲ್ಲಿದ್ದ ಕಪ್ಪು ಏನು ಎಂದು ಅಲ್ಲೇ, ಬಾಗಿಲಲ್ಲಿ ನಿಂತೇ ನನಗೆ ತಿಳಿಯಿತು.

ಅವಳು ಬ್ಯಾಗಿನಿಂದ ಸ್ಕೆಚ್ ಪೆನ್ನು ತೆಗೆದು ಎರಡು ಕಡೆಯೂ ಒತ್ತು ಬರೆದಳು. "ಒತ್ತು ಬಿಟ್ಟುಹೋದರೆ ಕತ್ತೆ ಕತೆಯಾಗುತ್ತೆ ನೋಡಿದ್ರಾ" ಎಂದು ಅದನ್ನೇ ಪಾಠ ಮಾಡಿಕೊಂಡಳು. ಮಕ್ಕಳು ಒಪ್ಪಿದರು. ಹಿಂದಿನ ಬೆಂಚು ಒಪ್ಪಲಿಲ್ಲ. ಪಾಠ ಮುಗಿದ ಮೇಲೆ ಹಳೆಯ ಟೀಚರ್ ಎದ್ದು ಬಂದು ಚಾರ್ಟನ್ನು ಹತ್ತಿರದಿಂದ ನೋಡಿದರು.

"ಒತ್ತಕ್ಷರದ ಪಾಠಕ್ಕೆ ಒತ್ತಿಲ್ಲದ ಚಾರ್ಟ್ ತಂದಿದ್ದೀರಲ್ಲಮ್ಮ. ಒಂದಲ್ಲ, ಎರಡು. ಮನೇಲಿ ಯಾವ ಭಾಷೆ?"

"ದಖನಿ, ಮೇಡಂ."

"ಹೂಂ. ಅದಕ್ಕೇ ಇರ್ಬೇಕು. ಪರವಾಗಿಲ್ಲ ಬಿಡಿ, ನಿಮಗೂ ಕಷ್ಟವೇ."

ಅವರು ಕೆಟ್ಟದಾಗಿ ಹೇಳಲಿಲ್ಲ. ಮೆತ್ತಗೆ, ಕನಿಕರದಿಂದಲೇ ಹೇಳಿದರು. ತಂಗಿ ಚಾರ್ಟನ್ನು ಮೊಳೆಯಿಂದ ಬಿಚ್ಚತೊಡಗಿದಳು. ಅವಳ ಕನ್ನಡದಲ್ಲಿ ತಪ್ಪಿಲ್ಲ, ಕತ್ತರಿಸಿದ್ದು ನಾನು ಎಂದು ಒಳಗೆ ಹೋಗಿ ಹೇಳಲು ಮೂರು ಹೆಜ್ಜೆ ಸಾಕಿತ್ತು. ಚಪ್ಪಲಿ ಹೊರಗೆ ಬಿಟ್ಟಿದ್ದೆ, ಅದನ್ನು ಹಾಕಿಕೊಂಡೆ.

ಸ್ಕೂಟರ್ ಹತ್ತುವ ಮುಂಚೆ ಅವಳು ಕೇಳಿದಳು. "ಭೈಯ್ಯಾ, ಪ್ರಿಂಟಲ್ಲೇ ಹಂಗೆ ಬಂದಿತ್ತಾ?"

"ಹೂಂ. ಹಂಗೇ ಬಂತು. ಫಾಂಟ್ ಪ್ರಾಬ್ಲಂ ಇರ್ಬೇಕು."

ಕನ್ನಡ ಟೈಪ್ ಮಾಡುವವರಿಗೆಲ್ಲ ಈ ಮಾತು ಗೊತ್ತು. ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹೋದಾಗ ಒತ್ತುಗಳು ಚೆಲ್ಲಾಪಿಲ್ಲಿ ಆಗುವುದುಂಟು. ಪ್ರೆಸ್ಸಿನಲ್ಲಿ ದಿನಾ ಕೇಳುತ್ತಿದ್ದ ಮಾತೇ ಬಾಯಿಗೆ ಬಂತು. ಅವಳು ತಲೆಯಾಡಿಸಿದಳು. "ಕಳಿಸೋಕೆ ಮುಂಚೆ ನಾನು ಸರಿಯಾಗ್ ನೋಡ್ಬೇಕಿತ್ತು" ಎಂದಳು.

ಮರುದಿನ ಆಫೀಸಿನ ರದ್ದಿ ಡಬ್ಬಿಯಲ್ಲಿ ಆ ಪಟ್ಟಿಗಳು ಸಿಕ್ಕವು. ಮೇಲಿನ ಹಾಳೆಯ ಪಟ್ಟಿಯಲ್ಲಿ ಮೊಟ್ಟೆಯ ಒತ್ತು ಇತ್ತು. ಕೆಳಗಿನ ಹಾಳೆಯ ಪಟ್ಟಿಯಲ್ಲೂ ಅದೇ ಒತ್ತು ಇತ್ತು. ಕತ್ತೆಯದೂ ಎರಡೆರಡು. ಹೆಚ್ಚುಕಮ್ಮಿ ಆಗದಿರಲಿ ಎಂದು ಮಷೀನು ಅದನ್ನು ಎರಡು ಸಲ ಪ್ರಿಂಟ್ ಮಾಡಿ ಕೊಟ್ಟಿತ್ತು. ನಾನು ಎರಡು ಸಲವೂ ಕತ್ತರಿಸಿದ್ದೆ. ಪಟ್ಟಿಗಳನ್ನು ಹರಿದು ಸೋಸಿದ ಟೀ ಸೊಪ್ಪಿನ ಜೊತೆ ಕಸಕ್ಕೆ ಹಾಕಿದೆ.

ಆ ಶಾಲೆಯವರು ಮತ್ತೆ ಕರೆಯಲಿಲ್ಲ. ಅದಕ್ಕಿಂತ ಕೆಟ್ಟದ್ದು ಆಮೇಲೆ ನಿಧಾನವಾಗಿ ಆಯಿತು. ತಂಗಿ ತನ್ನ ಬರಹವನ್ನೇ ನಂಬುವುದನ್ನು ಬಿಟ್ಟಳು. ಮೊಬೈಲಿನಲ್ಲಿ ಎರಡು ಸಾಲಿನ ಮೆಸೇಜು ಟೈಪ್ ಮಾಡಿದರೂ ಕಳಿಸುವ ಮುಂಚೆ ದೊಡ್ಡದು ಮಾಡಿ ಒಂದೊಂದೇ ಒತ್ತು ನೋಡುವಳು. ಕನ್ನಡದ ಕೆಲಸಕ್ಕೆ ಅರ್ಜಿ ಹಾಕುವುದನ್ನು ಬಿಟ್ಟು, ನಮ್ಮ ಗಲ್ಲಿಯ ನರ್ಸರಿಯಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಸೇರಿದಳು. ಅಮ್ಮಿ ಕೇಳಿದರೆ, "ನಮ್ಮ ಕನ್ನಡ ಅವರಿಗೆ ಸಾಲಲ್ಲ ಅಮ್ಮಿ" ಎನ್ನುತ್ತಿದ್ದಳು. ಪಕ್ಕದಲ್ಲಿ ಕೂತು ಊಟ ಮಾಡುತ್ತಿದ್ದವನು ನಾನು. ಹೇಳಬೇಕು ಎಂದುಕೊಳ್ಳುವುದು, ಸಾರು ಹಾಕಿಸಿಕೊಳ್ಳುವುದು, ಎದ್ದು ಕೈ ತೊಳೆಯುವುದು. ಹೀಗೇ ಬಹಳ ಕಾಲ ಹೋಯಿತು.

ಕಳೆದ ವರ್ಷ ಯಲಹಂಕದ ಒಂದು ಶಾಲೆಯಲ್ಲಿ ಕನ್ನಡ ಟೀಚರ್ ಬೇಕಾಗಿದ್ದಾರೆ ಎಂದು ತಂಗಿಯ ಜೊತೆ ಓದಿದವಳೊಬ್ಬಳು ಅಲ್ಲಿ ಅವಳ ಹೆಸರು ಕೊಟ್ಟಳು. ಅಲ್ಲಿಯೂ ಪಾಠ ಮಾಡಿ ತೋರಿಸಬೇಕಿತ್ತು. ಹೋಗುವುದೋ ಬೇಡವೋ ಎಂದು ಅವಳು ಎರಡು ಮನಸ್ಸಿನಲ್ಲಿದ್ದಳು.

"ಹೋದ್ರೂ ಬರೀ ಚಾಕ್‌ಪೀಸ್ ಹಿಡ್ಕೊಂಡ್ ಹೋಗ್ತೀನಿ. ಚಾರ್ಟ್ ಬೇಡ. ನನ್ನ ಫೈಲಲ್ಲಿ ಒತ್ತು ನಿಲ್ಲಲ್ಲ" ಎಂದಳು.

ಹಳೆಯ ಫೈಲು ನನ್ನ ಫೋನಿನಲ್ಲಿ ಹಾಗೇ ಇತ್ತು. ಮರುದಿನ ಅದನ್ನು ಅಕೌಂಟ್ಸ್ ಮೇಡಂಗೆ ಕೊಟ್ಟು, ಹೋದ ಸಲದ ಹಾಗೇ ಆರು ಹಾಳೆ ಮಾಡಿಕೊಡಿ ಎಂದೆ. ಆಮೇಲೆ, "ಅಂಟಿಸೋದು ಹೇಗೆ ಅಂತ ಹೇಳ್ಕೊಡಿ ಮೇಡಂ" ಎಂದೆ.

"ಅವತ್ತು ಗೊತ್ತು ಅಂದ್ರಲ್ಲ ಭಾಯ್?"

"ಗೊತ್ತಿರ್ಲಿಲ್ಲ ಮೇಡಂ."

ಅವರು ನನ್ನ ಮುಖ ನೋಡಿ, ಏನೂ ಕೇಳದೆ, ಗುಂಡುಸೂಜಿ ಡಬ್ಬಿ ತಂದರು. ಮೇಲಿನ ಹಾಳೆಯ ಕೊನೆಯಲ್ಲಿ ಪ್ರಿಂಟ್ ಇಲ್ಲದ ಬಿಳಿ ಅಂಚು ಮಾತ್ರ ಕತ್ತರಿಸಬೇಕು. ಪಟ್ಟಿ ಹಾಗೇ ಇರಬೇಕು. ಕೆಳಗಿನ ಹಾಳೆಯನ್ನು ಮುಟ್ಟಲೇಬಾರದು. ಮೇಲಿನ ಹಾಳೆಯ ಪಟ್ಟಿಯನ್ನು ಕೆಳಗಿನ ಹಾಳೆಯ ಪಟ್ಟಿಯ ಮೇಲೆ ಕೂರಿಸಿದರೆ, ಮೇಲಿನದರ ಅಂಚು ಕೆಳಗಿನದರ ಚುಕ್ಕಿ ಗೆರೆಗೆ ಬಂದು ನಿಲ್ಲುತ್ತದೆ. ಕ್ರಾಸಿನ ಮೇಲೆ ಕ್ರಾಸು ಕೂರಬೇಕು. ಕೂತಿದೆಯೋ ಇಲ್ಲವೋ ನೋಡಲು, ಮೇಲಿನ ಕ್ರಾಸಿನ ನಡುವೆ ಸೂಜಿ ಚುಚ್ಚಿದರೆ ಅದು ಕೆಳಗಿನ ಕ್ರಾಸಿನ ನಡುವೆಯೇ ಇಳಿಯಬೇಕು. ಪಟ್ಟಿಯ ಎರಡು ತುದಿಯ ಕ್ರಾಸಿಗೂ ಒಂದೊಂದು ಸೂಜಿ ಚುಚ್ಚಿಟ್ಟುಕೊಂಡರೆ ಅಂಟಿಸುವಾಗ ಹಾಳೆ ಜಾರುವುದಿಲ್ಲ. ಇಷ್ಟೇ ಇದ್ದದ್ದು.

ಈ ಸಲ ಬಿಡಿ ಹಾಳೆಗಳನ್ನೇ ತಂದೆ. ಊಟವಾದ ಮೇಲೆ ಹಾಲಿನ ನೆಲದ ಮೇಲೆ ಹರಡಿದೆ. ತಂಗಿ ಬಟ್ಟೆ ಮಡಿಸುತ್ತಿದ್ದಳು.

"ಏನಿದು?"

"ನಿನ್ನ ಚಾರ್ಟು. ಸೂಜಿ ಹಿಡ್ಕೋ ಬಾ."

"ಬೇಡ ಅಂದ್ನಲ್ಲ ಭೈಯ್ಯಾ."

ಆದರೂ ಬಂದು ಕೂತಳು. ಮೂರನೆಯ ಸಾಲಿನ ಹತ್ತಿರ ಅವಳ ಕೈ ನಿಂತಿತು. ಮೇಲಿನ ಹಾಳೆಯ ಪಟ್ಟಿಯಲ್ಲಿ ಒತ್ತು ಇತ್ತು. ಕೆಳಗಿನ ಹಾಳೆಯ ಪಟ್ಟಿಯಲ್ಲೂ ಇತ್ತು. ಒಂದರ ಮೇಲೆ ಬೆರಳಿಟ್ಟಳು, ಆಮೇಲೆ ಇನ್ನೊಂದರ ಮೇಲೆ.

"ಹೊಸದಾಗಿ ಟೈಪ್ ಮಾಡ್ಸಿದ್ಯಾ?"

"ಇಲ್ಲ. ನೀನು ಅವತ್ತು ಕಳ್ಸಿದ್ದೇ ಫೈಲು."

"ಅದೇನಾ?"

"ಅದೇ."

"ಮತ್ತೆ ಒತ್ತು ಇದೆಯಲ್ಲ. ಎರಡೆರಡು ಸಲ ಇದೆ."

"ಅವತ್ತೂ ಇತ್ತು. ಎರಡು ಸಲ ಇತ್ತು. ನಾನು ವೇಸ್ಟು ಅಂತ ಕತ್ರಿಸಿ ಬಿಸಾಕ್ದೆ. ಫಾಂಟ್ ಅಂದಿದ್ದು ಸುಳ್ಳು. ನಿನ್ನ ಫೈಲಲ್ಲಿ ಏನೂ ತಪ್ಪಿರ್ಲಿಲ್ಲ."

ಅವಳು ಹಾಳೆಯನ್ನೇ ನೋಡುತ್ತಿದ್ದಳು. ಫ್ಯಾನಿನ ಗಾಳಿಗೆ ಅದರ ಒಂದು ಮೂಲೆ ಏಳುತ್ತಿತ್ತು. ಅದರ ಮೇಲೆ ಮೊಣಕಾಲು ಊರಿದಳು.

"ಗೊತ್ತಾಗಿದ್ದು ಯಾವಾಗ?"

"ಅಲ್ಲೇ. ಬಾಗಿಲಲ್ಲೇ."

"ಆ ಮೇಡಂ ಮನೇಲಿ ಯಾವ ಭಾಷೆ ಅಂತ ಕೇಳೋವಾಗ ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ನಾನು ಅದನ್ನ ಎಷ್ಟು ಸಲ ನೋಡಿದೀನಿ ಗೊತ್ತಾ? ಮನೇಗ್ ಬಂದು ಫೋನಲ್ಲಿ ಆ ಫೈಲು ತೆಗ್ದು ನೋಡ್ದೆ. ಫೋನಲ್ಲಿ ಒತ್ತು ಇತ್ತು. ಕಂಪ್ಯೂಟರಲ್ಲಿ ಹೋಗುತ್ತೇನೋ ಅಂದ್ಕೊಂಡೆ. ನನಗೆ ಮಾತ್ರ ಹಂಗೆ ಕಾಣುತ್ತೇನೋ ಅಂತಾನೂ ಅಂದ್ಕೊಂಡೆ."

ಚುಕ್ಕಿಗೆ ವೈಟ್ನರ್ ಹಚ್ಚಿದ್ದನ್ನೂ ಹೇಳಿದೆ. ಹೇಳದೆ ಬಿಟ್ಟರೆ ಅದೊಂದು ಒಳಗೇ ಉಳಿದುಬಿಡುತ್ತಿತ್ತು.

"ವೈಟ್ನರ್ರಾ? ಉಳಿದಿದ್ದ ತುದೀಗೂ?"

"ಗಲೀಜು ಅಂದ್ಕೊಂಡೆ."

ಮನೆಯಲ್ಲಿ ನಾವು ಬೈದಾಡುವುದೆಲ್ಲ ದಖನಿಯಲ್ಲೇ. ಅವಳು ಮಾತ್ರ ಆಗ ಕನ್ನಡದಲ್ಲಿ ಅಂದಳು. "ಕತ್ತೆ." ಮೂರನೆಯ ಕ್ಲಾಸಿನ ಮಕ್ಕಳಿಗೆ ಹೇಳಿಕೊಟ್ಟ ಹಾಗೆಯೇ, ನಾಲಿಗೆ ಹಲ್ಲಿಗೆ ಒತ್ತಿ, ತಡೆದು ಅಂದಳು. ಒಳಗಿನಿಂದ ಅಮ್ಮಿ, "ಯಾರಿಗೆ ಹೇಳ್ತಿದ್ದೀಯೇ?" ಎಂದು ಕೇಳಿದಳು. ತಂಗಿ ನಗಲಿಲ್ಲ. ಸೂಜಿ ತೆಗೆದುಕೊಂಡು ಮೇಲಿನ ಕ್ರಾಸಿನ ನಡುವೆ ಚುಚ್ಚಿದಳು, ಹಾಳೆ ಸ್ವಲ್ಪ ಎತ್ತಿ ಕೆಳಗೆ ಎಲ್ಲಿ ಇಳಿದಿದೆ ಎಂದು ನೋಡಿದಳು. ಒಂದು ಎಳೆ ಆಚೆ ಇಳಿದಿತ್ತು. ತೆಗೆದು ಮತ್ತೆ ಚುಚ್ಚಿದಳು. ಆರು ಹಾಳೆಯನ್ನೂ ಅವಳೇ ಜೋಡಿಸಿದಳು. ನಾನು ಟೇಪು ಹರಿದು ಹರಿದು ಕೊಟ್ಟೆ. ಗೋಡೆಗೆ ಒರಗಿಸಿ ನಿಲ್ಲಿಸಿ, ದೂರ ಹೋಗಿ, ಮೇಲಿನಿಂದ ಕೆಳಗಿನವರೆಗೆ ಗಟ್ಟಿಯಾಗಿ ಓದಿದಳು. ಕತ್ತೆಗೆ ಗೊರಸೂ ಬಂದಿತ್ತು.

ಯಲಹಂಕಕ್ಕೆ ನಾನು ಬಿಡುತ್ತೇನೆ ಎಂದರೆ ಬೇಡ ಎಂದಳು. ಬಸ್ಸಿನಲ್ಲಿ ಒಬ್ಬಳೇ ಹೋದಳು. ಆ ಕೆಲಸ ಸಿಕ್ಕಿತು. ಸಿಕ್ಕಿದ್ದನ್ನು ಮೊದಲು ಹೇಳಿದ್ದು ಅಮ್ಮಿಗೆ, ನನಗೆ ಅಮ್ಮಿ ಹೇಳಿದಳು. ನನ್ನ ಜೊತೆ ಬಹಳ ದಿನ ಅಗತ್ಯವಿದ್ದಷ್ಟು ಮಾತ್ರ ಮಾತಾಡಿದಳು. ಅದಕ್ಕೆ ನಾನು ಬೇಜಾರು ಮಾಡಿಕೊಳ್ಳುವ ಹಾಗಿರಲಿಲ್ಲ.

ಮೊನ್ನೆ ಅವಳು ತನ್ನ ಕ್ಲಾಸಿಗೆಂದು ಇನ್ನೊಂದು ಚಾರ್ಟನ್ನು ಪ್ರಿಂಟಿಗೆ ನನಗೆ ಕಳಿಸಿದಳು. ಫೋನಿನಲ್ಲಿ ಟೈಪ್ ಮಾಡಿ, ಒಂದು ಸಲ ಮೇಲಿಂದ ಕೆಳಗೆ ಕಣ್ಣಾಡಿಸಿ, ದೊಡ್ಡದು ಮಾಡದೆ ಕಳಿಸಿಬಿಟ್ಟಳು. ನಾನು ಎದುರಿಗೇ ಕೂತು ನೋಡುತ್ತಿದ್ದೆ. ಕೆಳಗೆ ನನಗೆಂದು ಒಂದು ಸಾಲು ಬರೆದಿದ್ದಳು: 'ಬಿಡಿ ಹಾಳೆ ಸಾಕು, ಕಟರ್ ಮುಟ್ಟಬೇಡ.' ನಾನು 'ಆಯ್ತು' ಎಂದು ಬರೆದು ಕಳಿಸಿದೆ. ಕಳಿಸುವ ಮುಂಚೆ ಒತ್ತು ಇದೆಯಾ ಎಂದು ದೊಡ್ಡದು ಮಾಡಿ ನೋಡಿದೆ.